ಮಲದಲ್ಲಿ ಹೊರಬಂದ ಹುಳು ಯಾವಾಗ ಅಂಟುತ್ತದೆ? ಕೊಕ್ಕೆಹುಳು, ಸ್ಟ್ರಾಂಜಿಲಾಯ್ಡಿಸ್ ಮತ್ತು ಔಷಧದ ಆಯ್ಕೆ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಎಂಬಿಬಿಎಸ್ ಎರಡನೇ ವರ್ಷ ಓದ್ತಿದ್ದೀನಿ. ಕರುಳಿನ ಹುಳುಗಳ ಟೇಬಲ್ ಪೂರ್ತಿ ಬಾಯಿಪಾಠ ಆಗಿದೆ, ಆದ್ರೆ ಕೇಸ್ ಕೊಟ್ಟು ಕೇಳಿದ್ರೆ ತಪ್ಪಿ ಹೋಗುತ್ತೆ. ಕೊಕ್ಕೆಹುಳು, ಸ್ಟ್ರಾಂಜಿಲಾಯ್ಡಿಸ್ ಎರಡಕ್ಕೂ ಇನ್ಫೆಕ್ಟಿವ್ ಸ್ಟೇಜ್ ಫಿಲಾರಿಫಾರ್ಮ್ ಲಾರ್ವಾನೇ. ಹಾಗಿದ್ರೆ ಔಷಧ ಯಾಕೆ ಬೇರೆ? ಟೀನಿಯಾ ಸೋಲಿಯಂಗೆ ಮೊಟ್ಟೆ ಅಂತ ಬರೀಬೇಕಾ, ಲಾರ್ವಾ ಅಂತ ಬರೀಬೇಕಾ?

ಉತ್ತರ: ಟೇಬಲ್‌ನಲ್ಲಿ ಮೂರು ಕಾಲಂ ಇರುತ್ತವೆ: ಹುಳುವಿನ ಹೆಸರು, ಇನ್ಫೆಕ್ಟಿವ್ ಸ್ಟೇಜ್, ಔಷಧ. ನಡುವೆ ಇರಬೇಕಾದ ಒಂದು ಕಾಲಂ ಅಲ್ಲಿಲ್ಲ. ರೋಗಿಯ ಮಲದಲ್ಲಿ ಹೊರಬಂದದ್ದು ಏನು, ಅದು ಇನ್ನೊಬ್ಬರಿಗೆ ಅಂಟುವ ಸ್ಥಿತಿಗೆ ಬರಲು ಎಷ್ಟು ಹೊತ್ತು ಬೇಕು, ಆ ಹೊತ್ತನ್ನು ಅದು ಎಲ್ಲಿ ಕಳೆಯುತ್ತದೆ ಎನ್ನುವ ಕಾಲಂ ಅದು. ಅದನ್ನು ನೀವೇ ತುಂಬಿಕೊಂಡರೆ ಔಷಧದ ಕಾಲಂ ಬಾಯಿಪಾಠ ಮಾಡುವ ಅಗತ್ಯ ಬಹಳ ಮಟ್ಟಿಗೆ ಇರುವುದಿಲ್ಲ.

ದುಂಡುಹುಳುವಿನಿಂದ, ಅಂದರೆ ಆಸ್ಕಾರಿಸ್‌ನಿಂದ ಶುರು ಮಾಡೋಣ, ಅದು ಸುಲಭ. ಮಲದಲ್ಲಿ ಬರುವುದು ಮೊಟ್ಟೆ. ಆದರೆ ಆಗತಾನೇ ಬಿದ್ದ ಮೊಟ್ಟೆಯನ್ನು ನುಂಗಿದರೂ ಏನೂ ಆಗುವುದಿಲ್ಲ, ಒಳಗೆ ಲಾರ್ವಾ ಇನ್ನೂ ಬೆಳೆದಿರುವುದಿಲ್ಲ. ತೇವ, ನೆರಳು ಇರುವ ಮಣ್ಣಿನಲ್ಲಿ ಸುಮಾರು ಎರಡು ಮೂರು ವಾರ ಕಳೆದ ಮೇಲೆ ಅದು ಅಂಟುವ ಮೊಟ್ಟೆಯಾಗುತ್ತದೆ. ಆದ್ದರಿಂದ ಉತ್ತರದಲ್ಲಿ ಬರೀ ‘ಮೊಟ್ಟೆ’ ಎಂದು ಬರೆಯಬೇಡಿ, ‘ಒಳಗೆ ಲಾರ್ವಾ ಬೆಳೆದ ಎಂಬ್ರಿಯೋನೇಟೆಡ್ ಮೊಟ್ಟೆ’ ಎಂದು ಬರೆಯಿರಿ. ಮೌಲ್ಯಮಾಪಕರು ನೋಡುವುದು ಆ ಒಂದು ವಿಶೇಷಣವನ್ನೇ. ಟ್ರೈಕ್ಯೂರಿಸ್ ಕೂಡ ಹೀಗೆಯೇ, ಶ್ವಾಸಕೋಶದ ಸುತ್ತು ಮಾತ್ರ ಅದಕ್ಕಿಲ್ಲ. ಎಂಟೆರೋಬಿಯಸ್ ಇದಕ್ಕೆ ತದ್ವಿರುದ್ಧ. ಹೆಣ್ಣುಹುಳು ರಾತ್ರಿ ಗುದದ್ವಾರದ ಸುತ್ತ ಇಟ್ಟ ಮೊಟ್ಟೆ ನಾಲ್ಕರಿಂದ ಆರು ಗಂಟೆಯೊಳಗೆ ಅಂಟಲು ತಯಾರಾಗಿರುತ್ತದೆ. ಹಾಗಾಗಿ ಅದಕ್ಕೆ ಮಣ್ಣು ಬೇಕಿಲ್ಲ, ಮಗುವಿನ ಉಗುರು ಸಾಕು. ಎರಡು ವಾರ ಬಿಟ್ಟು ಮಾತ್ರೆಯನ್ನು ಮತ್ತೊಮ್ಮೆ ಕೊಡುವುದು, ಮನೆಯವರಿಗೆಲ್ಲ ಒಟ್ಟಿಗೆ ಕೊಡುವುದು ಈ ಕಾರಣಕ್ಕೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಕೊಕ್ಕೆಹುಳು ಮತ್ತು ಸ್ಟ್ರಾಂಜಿಲಾಯ್ಡಿಸ್ ಎರಡೂ ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಬರುತ್ತವೆ. ಎರಡೂ ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ನುಂಗಲ್ಪಟ್ಟು ಸಣ್ಣ ಕರುಳು ಸೇರುತ್ತವೆ. ಎರಡಕ್ಕೂ ಇನ್ಫೆಕ್ಟಿವ್ ಸ್ಟೇಜ್ ಫಿಲಾರಿಫಾರ್ಮ್ ಲಾರ್ವಾ, ಅಂದರೆ ಮೂರನೇ ಹಂತದ ಲಾರ್ವಾ. ಇಷ್ಟರ ಮಟ್ಟಿಗೆ ನಿಮ್ಮ ಟೇಬಲ್ ಸರಿಯಾಗಿಯೇ ಇದೆ. ಬೇರೆಯಾಗುವುದು ಕರುಳು ಸೇರಿದ ಮೇಲೆ.

ಕೊಕ್ಕೆಹುಳು ಕರುಳಿನ ಗೋಡೆಗೆ ಬಾಯಿ ಕಚ್ಚಿಕೊಂಡು ರಕ್ತ ಹೀರುತ್ತದೆ, ಮೊಟ್ಟೆ ಇಡುತ್ತದೆ. ಮೊಟ್ಟೆ ಮೊಟ್ಟೆಯಾಗಿಯೇ ಮಲದಲ್ಲಿ ಹೊರಬೀಳುತ್ತದೆ. ಹದವಾದ ಮಣ್ಣಿನಲ್ಲಿ ಒಂದೆರಡು ದಿನಕ್ಕೆ ಒಡೆದು ರಾಬ್ಡಿಟಿಫಾರ್ಮ್ ಲಾರ್ವಾ ಬರುತ್ತದೆ, ಅದು ಐದರಿಂದ ಹತ್ತು ದಿನದಲ್ಲಿ ಎರಡು ಸಲ ಪೊರೆ ಕಳಚಿ ಫಿಲಾರಿಫಾರ್ಮ್ ಆಗುತ್ತದೆ. ಈ ಮಣ್ಣಿನ ದಿನಗಳನ್ನು ತಪ್ಪಿಸಲು ಅದಕ್ಕೆ ಬೇರೆ ದಾರಿ ಇಲ್ಲ. ಆದ್ದರಿಂದ ಕರುಳಿನಲ್ಲಿ ಐವತ್ತು ಕೊಕ್ಕೆಹುಳು ಇದ್ದರೆ, ರೋಗಿ ಮತ್ತೆ ಆ ಮಣ್ಣನ್ನು ತುಳಿಯದಿದ್ದರೆ, ಅವು ಐವತ್ತೇ ಇರುತ್ತವೆ, ಕಾಲ ಕಳೆದಂತೆ ಸಾಯುತ್ತವೆ. ಇಲ್ಲಿ ಔಷಧದ ಕೆಲಸ ಹುಳುಗಳ ಸಂಖ್ಯೆಯನ್ನು ತಗ್ಗಿಸುವುದು. ಆಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಸಲ ಕೊಟ್ಟರೆ ಹೆಚ್ಚಿನವು ಹೋಗುತ್ತವೆ. ಒಂದೆರಡು ಉಳಿದರೂ ಆ ಮನುಷ್ಯನಿಗೆ ದೊಡ್ಡ ಅಪಾಯವಿಲ್ಲ. ಅವನ ತೊಂದರೆ ಹೀರಿಹೋದ ರಕ್ತ. ಒಂದು ನೆಕೇಟರ್ ದಿನಕ್ಕೆ ಸುಮಾರು 0.03 ಮಿ.ಲೀ. ಹೀರಿದರೆ, ಒಂದು ಆಂಕಿಲೋಸ್ಟೋಮಾ ಡುಯೊಡಿನೇಲ್ ಅದರ ಐದಾರು ಪಟ್ಟು ಹೀರುತ್ತದೆ. ಆದ್ದರಿಂದ ಮಾತ್ರೆಯ ಜೊತೆಗೆ ಕಬ್ಬಿಣದ ಅಂಶವನ್ನೂ ಬರೆಯದಿದ್ದರೆ ಆ ಉತ್ತರ ಅರ್ಧವೇ.

ಸ್ಟ್ರಾಂಜಿಲಾಯ್ಡಿಸ್‌ನ ದಾರಿ ಬೇರೆ. ಮನುಷ್ಯನ ಕರುಳಿನಲ್ಲಿ ಬದುಕುವುದು ಅದರ ಹೆಣ್ಣುಹುಳು ಮಾತ್ರ, ಎರಡು ಮಿಲಿಮೀಟರ್‌ಗಿಂತ ಸ್ವಲ್ಪ ಉದ್ದ, ಗಂಡಿನ ಸಹಾಯವಿಲ್ಲದೆ ಮೊಟ್ಟೆ ಇಡುತ್ತದೆ. ಅದು ಕರುಳಿನ ಪೊರೆಯೊಳಗೇ ಹುದುಗಿರುತ್ತದೆ. ಮೊಟ್ಟೆ ಅಲ್ಲಿಯೇ ಒಡೆಯುತ್ತದೆ, ಆದ್ದರಿಂದ ಮಲದಲ್ಲಿ ಸಾಮಾನ್ಯವಾಗಿ ನಮಗೆ ಸಿಗುವುದು ಮೊಟ್ಟೆಯಲ್ಲ, ಓಡಾಡುವ ರಾಬ್ಡಿಟಿಫಾರ್ಮ್ ಲಾರ್ವಾ. ಅಲ್ಲಿಂದ ಮುಂದೆ ಆ ಲಾರ್ವಾಗೆ ಮೂರು ದಾರಿ. ಮಣ್ಣಿಗೆ ಬಿದ್ದು ನೇರ ಫಿಲಾರಿಫಾರ್ಮ್ ಆಗಬಹುದು. ಮಣ್ಣಿನಲ್ಲೇ ಗಂಡು-ಹೆಣ್ಣಾಗಿ ಬೆಳೆದು, ಮನುಷ್ಯನ ಹಂಗಿಲ್ಲದೆ ಒಂದು ಪೀಳಿಗೆ ಬದುಕಿ, ಅದರ ಮರಿಗಳು ಫಿಲಾರಿಫಾರ್ಮ್ ಆಗಬಹುದು. ಮೂರನೆಯದು ಪರೀಕ್ಷೆಯಲ್ಲೂ ವಾರ್ಡಿನಲ್ಲೂ ಮುಖ್ಯವಾದದ್ದು. ಹೊರಗೆ ಬರುವ ಮೊದಲೇ, ಕರುಳಿನ ಒಳಗೇ ಅದು ಫಿಲಾರಿಫಾರ್ಮ್ ಆಗಿ, ದೊಡ್ಡ ಕರುಳಿನ ಗೋಡೆಯನ್ನೋ ಗುದದ್ವಾರದ ಸುತ್ತಲಿನ ಚರ್ಮವನ್ನೋ ಕೊರೆದು ಮತ್ತೆ ಅದೇ ಮನುಷ್ಯನ ಒಳಗೆ ಹೋಗುತ್ತದೆ. ಇದೇ ಆಟೋಇನ್ಫೆಕ್ಷನ್.

ಅಂದರೆ ಈ ಹುಳುವಿಗೆ ಮಣ್ಣಿನ ದಿನಗಳು ಕಡ್ಡಾಯವಲ್ಲ. ಒಂದೇ ಒಂದು ಹೆಣ್ಣು ಉಳಿದರೂ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ-ಥಾಯ್ಲೆಂಡ್ ರೈಲುಮಾರ್ಗದಲ್ಲಿ ಸೆರೆಯಾಳುಗಳಾಗಿ ದುಡಿದು ಊರಿಗೆ ಮರಳಿದ ಸೈನಿಕರಲ್ಲಿ, ಮತ್ತೆ ಆ ಮಣ್ಣು ತುಳಿಯದೆಯೂ, ದಶಕಗಳ ನಂತರ ಈ ಹುಳು ಸಿಕ್ಕಿದೆ. ಹಾಗಾಗಿ ಇಲ್ಲಿ ಔಷಧದ ಕೆಲಸ ಸಂಖ್ಯೆ ತಗ್ಗಿಸುವುದಲ್ಲ, ಪೂರ್ತಿ ಇಲ್ಲವಾಗಿಸುವುದು. ಆಲ್ಬೆಂಡಜೋಲ್ ಒಂದು ಮಾತ್ರೆಗೆ ಆ ಶಕ್ತಿಯಿಲ್ಲ. ದಿನಕ್ಕೆ ಎರಡು ಬಾರಿ 400 ಮಿ.ಗ್ರಾಂನಂತೆ ಏಳು ದಿನ ಕೊಟ್ಟರೂ ಅದು ಎರಡನೇ ಆಯ್ಕೆಯೇ. ಡ್ರಗ್ ಆಫ್ ಚಾಯ್ಸ್ ಐವರ್ಮೆಕ್ಟಿನ್, ಕೆ.ಜಿ.ಗೆ 200 ಮೈಕ್ರೋಗ್ರಾಂನಂತೆ ದಿನಕ್ಕೊಮ್ಮೆ, ಒಂದು ಅಥವಾ ಎರಡು ದಿನ. ಇನ್ಫೆಕ್ಟಿವ್ ಸ್ಟೇಜ್ ಒಂದೇ ಇದ್ದರೂ ಔಷಧ ಯಾಕೆ ಬೇರೆ ಎಂದು ಕೇಳಿದ್ದಿರಲ್ಲ, ಕಾರಣ ಇದು. ಹುಳು ಹೇಗೆ ಒಳಗೆ ಬಂತು ಎಂಬುದಲ್ಲ, ಒಳಗೇ ಪೀಳಿಗೆ ಬೆಳೆಸಬಲ್ಲದೇ ಎಂಬುದು ಔಷಧವನ್ನು ಬದಲಿಸಿತು.

ಇಲ್ಲಿ ಒಂದು ಮಾತು. ಶಾಲೆ, ಅಂಗನವಾಡಿಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಆಲ್ಬೆಂಡಜೋಲ್ ಕೊಡುತ್ತಾರೆ. 2015ರಿಂದ ನಡೆಯುತ್ತಿರುವ ಆ ಕಾರ್ಯಕ್ರಮದ ಗುರಿ ದುಂಡುಹುಳು, ಚಾಟಿಹುಳು, ಕೊಕ್ಕೆಹುಳು. ಆ ಕೆಲಸಕ್ಕೆ ಅದು ಸರಿಯಾದ ಮಾತ್ರೆ. ಆದರೆ ಕೇಸಿನಲ್ಲಿ ‘ಆರು ತಿಂಗಳ ಹಿಂದೆ ಹುಳುವಿನ ಮಾತ್ರೆ ತಿಂದಿದ್ದಾರೆ’ ಎಂಬ ಸಾಲು ಇದ್ದರೆ ಸ್ಟ್ರಾಂಜಿಲಾಯ್ಡಿಸ್ ಇಲ್ಲವೆಂದು ತೆಗೆದುಹಾಕಬೇಡಿ. ದಾರಿ ತಪ್ಪಿಸಲೆಂದೇ ಹಾಕುವ ಸಾಲು ಅದು.

ಈಗ ಒಂದು ಕೇಸ್. ನಾನು ತರಗತಿಗೆಂದೇ ಹೆಣೆದದ್ದು, ಆದರೆ ಒಳಗಿರುವ ಪ್ರತಿಯೊಂದು ಅಂಶವೂ ಈ ರೋಗದಲ್ಲಿ ಕಾಣುವಂಥದ್ದೇ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 54, ತೂಕ 60 ಕೆ.ಜಿ. ತೋಟಕ್ಕೆ ನೀರು ಬಿಡುವಾಗ, ಗೊಬ್ಬರ ಹಾಕುವಾಗ ಬರಿಗಾಲಿನಲ್ಲೇ ಇರುತ್ತಾರೆ. ಆಗಾಗ ಸೊಂಟ, ಪೃಷ್ಠದ ಮೇಲೆ ಹಾವಿನಂತೆ ಹರಿಯುವ ಕೆಂಪು ತುರಿಕೆಯ ಗೆರೆ ಎದ್ದು ಒಂದೆರಡು ದಿನಕ್ಕೆ ಮಾಯವಾಗುತ್ತಿತ್ತು. ಕಿಡ್ನಿ ತೊಂದರೆಗಾಗಿ ಎರಡು ತಿಂಗಳಿಂದ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಹತ್ತು ದಿನದಿಂದ ಹೊಟ್ಟೆನೋವು, ವಾಂತಿ, ನಾಲ್ಕು ದಿನದಿಂದ ಕೆಮ್ಮು, ಉಬ್ಬಸ, ನೆನ್ನೆಯಿಂದ ಚಳಿಜ್ವರ. ರಕ್ತದಲ್ಲಿ ಇಯೊಸಿನೊಫಿಲ್ ಶೇ. 1. ಬ್ಲಡ್ ಕಲ್ಚರ್‌ನಲ್ಲಿ ಇ. ಕೋಲೈ. ಕಫದ ವೆಟ್ ಮೌಂಟ್‌ನಲ್ಲಿ ಓಡಾಡುವ ಲಾರ್ವಾ. ಹಿಂದೆ ಒಂದು ಸಲ ಮಾಡಿಸಿದ ಮಲ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ.

ಮೊದಲು ಆ ಗೆರೆ. ನಾಯಿಯ ಕೊಕ್ಕೆಹುಳುವಿನ ಲಾರ್ವಾ ನಮ್ಮ ಚರ್ಮದಲ್ಲಿ ಸಿಕ್ಕಿಕೊಂಡರೂ ಇಂಥ ಗೆರೆ ಬರುತ್ತದೆ, ಆದರೆ ಅದು ಸಾಮಾನ್ಯವಾಗಿ ಕಾಲಿನಲ್ಲಿ, ನಿಧಾನವಾಗಿ ಮುಂದುವರಿಯುತ್ತ ವಾರಗಟ್ಟಲೆ ಇರುತ್ತದೆ. ಪೃಷ್ಠ, ತೊಡೆ, ಸೊಂಟದ ಸುತ್ತ ಶುರುವಾಗಿ ಗಂಟೆಗೆ ಹಲವಾರು ಸೆಂಟಿಮೀಟರ್ ಓಡುವ ಗೆರೆ ಲಾರ್ವಾ ಕರೆನ್ಸ್, ಅದು ಸ್ಟ್ರಾಂಜಿಲಾಯ್ಡಿಸ್‌ನದು. ಅದು ಏಳುವ ಜಾಗವೇ ಅರ್ಥ ಹೇಳುತ್ತದೆ: ಗುದದ್ವಾರದ ಪಕ್ಕದ ಚರ್ಮದಿಂದ ಒಳಹೊಕ್ಕ ಫಿಲಾರಿಫಾರ್ಮ್ ಲಾರ್ವಾ, ಅಂದರೆ ಆಟೋಇನ್ಫೆಕ್ಷನ್ ವರ್ಷಗಳಿಂದ ನಡೆಯುತ್ತಲೇ ಇದೆ.

ಆಮೇಲೆ ಸ್ಟೀರಾಯ್ಡ್. ಇಲ್ಲಿಯವರೆಗೆ ಅವರ ರೋಗನಿರೋಧಕ ಶಕ್ತಿ ಹುಳುವಿನ ಸಂಖ್ಯೆಯನ್ನು ಒಂದು ಮಿತಿಯಲ್ಲಿಟ್ಟಿತ್ತು. ಸ್ಟೀರಾಯ್ಡ್ ಆ ಹಿಡಿತವನ್ನು ಸಡಿಲಿಸಿತು. ಕರುಳಿನೊಳಗೇ ರಾಶಿ ರಾಶಿ ಲಾರ್ವಾಗಳು ಫಿಲಾರಿಫಾರ್ಮ್ ಆಗಿ ಗೋಡೆ ಕೊರೆದು ಶ್ವಾಸಕೋಶಕ್ಕೆ ನುಗ್ಗಿದವು. ಇದಕ್ಕೆ ಹೈಪರ್‌ಇನ್ಫೆಕ್ಷನ್ ಎನ್ನುತ್ತೇವೆ. ಮೆದುಳು, ಯಕೃತ್ತು ಮುಂತಾದ, ಅದರ ಮಾಮೂಲಿ ಸುತ್ತಿನಲ್ಲಿಲ್ಲದ ಅಂಗಗಳಿಗೂ ಹೋದರೆ ಡಿಸೆಮಿನೇಟೆಡ್. ಲಾರ್ವಾಗಳು ಕರುಳು ಕೊರೆಯುವಾಗ ಅಲ್ಲಿನ ಬ್ಯಾಕ್ಟೀರಿಯಾಗಳೂ ಅವುಗಳ ಜೊತೆಗೆ ರಕ್ತ ಸೇರುತ್ತವೆ. ಬ್ಲಡ್ ಕಲ್ಚರ್‌ನ ಇ. ಕೋಲೈಗೆ ಕಾರಣ ಅದೇ. ಮೂತ್ರದಲ್ಲಿ ಸೋಂಕಿಲ್ಲ, ಹೊಟ್ಟೆಯಲ್ಲಿ ಕೀವಿಲ್ಲ, ಆದರೂ ರಕ್ತದಲ್ಲಿ ಕರುಳಿನ ಬ್ಯಾಕ್ಟೀರಿಯಾ, ಮೇಲೆ ಸ್ಟೀರಾಯ್ಡ್ ಚಿಕಿತ್ಸೆ: ಈ ಜೋಡಿ ಕಂಡಾಗ ಈ ಹುಳು ನೆನಪಾಗಲೇಬೇಕು.

ಇಯೊಸಿನೊಫಿಲ್ ಶೇ. 1 ಎನ್ನುವುದನ್ನು ನೋಡಿ ಬಹಳ ಮಂದಿ ವಿದ್ಯಾರ್ಥಿಗಳು ಹುಳುವಿನ ಆಯ್ಕೆಯನ್ನೇ ಬಿಟ್ಟುಬಿಡುತ್ತಾರೆ. ಸ್ಟೀರಾಯ್ಡ್ ತಾನೇ ಇಯೊಸಿನೊಫಿಲ್ ಇಳಿಸುತ್ತದೆ. ಹೈಪರ್‌ಇನ್ಫೆಕ್ಷನ್‌ನಲ್ಲಿ ಅದು ಹೆಚ್ಚಿಲ್ಲದಿರುವುದೇ ಹೆಚ್ಚು, ಮತ್ತು ಅದು ಒಳ್ಳೆಯ ಸೂಚನೆಯಲ್ಲ.

ಈಗ ಇದೇ ಕೇಸಿನ ಮೇಲೆ ಎಷ್ಟು ಬಗೆಯಲ್ಲಿ ಕೇಳಬಹುದು ನೋಡಿ. ಈ ಹುಳು ಅವರಿಗೆ ಮೊದಲು ತಗಲಿದ ಹಂತ ಯಾವುದು? ಫಿಲಾರಿಫಾರ್ಮ್. ಮಲದಲ್ಲಿ ಹುಡುಕಬೇಕಾದ ಡಯಾಗ್ನಾಸ್ಟಿಕ್ ಹಂತ ಯಾವುದು? ರಾಬ್ಡಿಟಿಫಾರ್ಮ್. ಕಫದಲ್ಲಿ ಕಂಡದ್ದು? ಸಾಮಾನ್ಯವಾಗಿ ಫಿಲಾರಿಫಾರ್ಮ್, ಏಕೆಂದರೆ ಶ್ವಾಸಕೋಶದಲ್ಲಿ ಸಾಗುವ ಹಂತ ಅದು. ಆಟೋಇನ್ಫೆಕ್ಷನ್ ಮಾಡುವ ಹಂತ? ಮತ್ತೆ ಫಿಲಾರಿಫಾರ್ಮ್. ಇಲ್ಲಿ ‘ರಾಬ್ಡಿಟಿಫಾರ್ಮ್’ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಕರುಳಿನಲ್ಲಿರುವುದು ಅದೇ ತಾನೇ ಎಂಬ ಲೆಕ್ಕಾಚಾರ ಅವರದು. ಗೋಡೆ ಕೊರೆಯುವ ಸಾಮರ್ಥ್ಯ ಬರುವುದು ಫಿಲಾರಿಫಾರ್ಮ್ ಆದ ಮೇಲೆಯೇ.

ಚಿಕಿತ್ಸೆಗೆ ಬರೋಣ. 60 ಕೆ.ಜಿ.ಗೆ 200 ಮೈಕ್ರೋಗ್ರಾಂನಂತೆ 12,000 ಮೈಕ್ರೋಗ್ರಾಂ, ಅಂದರೆ 12 ಮಿ.ಗ್ರಾಂ ಐವರ್ಮೆಕ್ಟಿನ್. ಸಾಮಾನ್ಯ ರೋಗಿಗೆ ಒಂದೆರಡು ದಿನ ಸಾಕಾಗುತ್ತಿತ್ತು. ಇವರಿಗೆ ಸಾಲದು. ದಿನವೂ ಕೊಡುತ್ತ ಹೋಗಿ, ಮಲದಲ್ಲೂ ಕಫದಲ್ಲೂ ಲಾರ್ವಾ ಸಿಗದೆ ಎರಡು ವಾರ ಆಗುವವರೆಗೆ ಮುಂದುವರಿಸಬೇಕು. ಎರಡು ವಾರ ಯಾಕೆ? ಕರುಳು ಕೊರೆದು ಹೊರಟ ಲಾರ್ವಾ ಮತ್ತೆ ಕರುಳಿಗೆ ಬಂದು, ದೊಡ್ಡದಾಗಿ, ಮರಿ ಹಾಕಲು ಹಿಡಿಯುವ ಒಂದು ಸುತ್ತು ಹೆಚ್ಚುಕಡಿಮೆ ಅಷ್ಟು. ಆ ಸುತ್ತು ಪೂರ್ತಿ ಔಷಧದ ಅಡಿಯಲ್ಲೇ ಕಳೆಯಬೇಕು. ಜೊತೆಗೆ ರಕ್ತದ ಸೋಂಕಿಗೆ ಆಂಟಿಬಯೋಟಿಕ್, ಕಿಡ್ನಿ ವೈದ್ಯರ ಜೊತೆ ಮಾತಾಡಿ ಸ್ಟೀರಾಯ್ಡ್ ಎಷ್ಟು ಇಳಿಸಬಹುದೋ ಅಷ್ಟು ಇಳಿಸುವುದು. ಇಷ್ಟೆಲ್ಲ ಮಾಡಿದರೂ ಈ ಸ್ಥಿತಿಯಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚು. ಸ್ಟೀರಾಯ್ಡ್ ಶುರು ಮಾಡುವ ಮೊದಲು ಎರಡು ದಿನದ ಮಾತ್ರೆ ಕೊಟ್ಟಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಮನಸ್ಸು ಕಲಕುವುದು ಅದೇ.

ಹಿಂದಿನ ಮಲ ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ? ಹಳೆಯ ಸೋಂಕಿನಲ್ಲಿ ಲಾರ್ವಾಗಳು ಕಡಿಮೆ ಸಂಖ್ಯೆಯಲ್ಲಿ, ಬಿಟ್ಟು ಬಿಟ್ಟು ಬರುತ್ತವೆ. ಒಂದೇ ಸ್ಯಾಂಪಲ್, ಒಂದೇ ಸ್ಲೈಡ್ ನೋಡಿ ‘ಇಲ್ಲ’ ಎನ್ನುವುದಕ್ಕೆ ಬೆಲೆಯಿಲ್ಲ. ಬೇರೆ ಬೇರೆ ದಿನದ ಹಲವು ಸ್ಯಾಂಪಲ್ ಬೇಕು, ಇಲ್ಲವೇ ಅಗಾರ್ ಪ್ಲೇಟ್ ಕಲ್ಚರ್ ಮಾಡಬೇಕು. ಈ ಪ್ಲೇಟ್ ನೋಡುವುದೇ ಒಂದು ಪಾಠ. ಅಗಾರ್‌ನ ನಡುವೆ ಒಂದಿಷ್ಟು ಹಸಿ ಮಲ ಇಟ್ಟು, ಅಂಚನ್ನು ಟೇಪ್ ಸುತ್ತಿ ಮುಚ್ಚಿ, ಕೋಣೆಯ ಶಾಖದಲ್ಲೇ ಬಿಡುತ್ತೇವೆ. ಲಾರ್ವಾ ಇದ್ದರೆ ಅದು ಅಗಾರ್ ಮೇಲೆ ಹರಿದಾಡುತ್ತ ಮೈಗಂಟಿದ ಬ್ಯಾಕ್ಟೀರಿಯಾವನ್ನು ದಾರಿಯುದ್ದಕ್ಕೂ ಬಿಡುತ್ತ ಹೋಗುತ್ತದೆ. ಎರಡು ದಿನಕ್ಕೆ ಆ ದಾರಿಯಲ್ಲಿ ಕಾಲನಿಗಳು ಬೆಳೆದು ಅಂಕುಡೊಂಕಾದ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಮುಚ್ಚಳ ತೆಗೆಯುವಾಗ ಗ್ಲೌಸ್ ಕಡ್ಡಾಯ, ಯಾಕೆಂದರೆ ಅಷ್ಟರಲ್ಲಿ ಒಳಗಿರುವುದು ಚರ್ಮ ಕೊರೆಯಬಲ್ಲ ಫಿಲಾರಿಫಾರ್ಮ್ ಆಗಿರಬಹುದು. ಕಲ್ಚರ್‌ಗೆ ಕಳಿಸುವ ಮಲವನ್ನು ಫ್ರಿಜ್‌ನಲ್ಲಿಟ್ಟರೆ ಲಾರ್ವಾ ಸತ್ತು ಪರೀಕ್ಷೆ ವ್ಯರ್ಥವಾಗುತ್ತದೆ.

ಇನ್ನೊಂದು ಎಡವಟ್ಟು ನಮ್ಮ ಬೇಸಿಗೆಯಲ್ಲಿ ಬಹಳ ಸುಲಭವಾಗಿ ಆಗುವಂಥದ್ದು. ತಾಲ್ಲೂಕಿನ ಆಸ್ಪತ್ರೆಯಿಂದ ಬೆಳಿಗ್ಗೆ ಹೊರಟ ಮಲದ ಡಬ್ಬಿ ಮರುದಿನ ಲ್ಯಾಬ್ ಸೇರಿತು ಎಂದುಕೊಳ್ಳಿ. ಅದರಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಇದ್ದರೆ, ಡಬ್ಬಿಯೊಳಗೇ ಒಡೆದು ರಾಬ್ಡಿಟಿಫಾರ್ಮ್ ಲಾರ್ವಾ ಹೊರಬಂದಿರುತ್ತದೆ. ಮೈಕ್ರೋಸ್ಕೋಪ್ ನೋಡಿದವರಿಗೆ ಕಾಣುವುದು ಓಡಾಡುವ ಲಾರ್ವಾ, ಬರೆಯುವುದು ‘ಸ್ಟ್ರಾಂಜಿಲಾಯ್ಡಿಸ್’. ಇದನ್ನು ಬಿಡಿಸುವುದು ಬಾಯಿಯಿಂದ. ಸಲೈನ್ ಸ್ಲೈಡಿನಲ್ಲಿ ಲಾರ್ವಾ ಚಾವಟಿಯಂತೆ ಮೈ ಬೀಸುತ್ತ ಓಡುತ್ತದೆ, ಏನೂ ಗೊತ್ತಾಗುವುದಿಲ್ಲ. ಒಂದು ಹನಿ ಅಯೋಡಿನ್ ಹಾಕಿ ಅದು ನಿಂತ ಮೇಲೆ 40ಎಕ್ಸ್‌ನಲ್ಲಿ ತಲೆಯ ತುದಿ ನೋಡಿ. ಬಾಯಿಯ ಕೊಳವೆ ಉದ್ದವಾಗಿ, ಎರಡು ಸಮಾನಾಂತರ ಗೆರೆಯಂತೆ ಕಂಡರೆ ಕೊಕ್ಕೆಹುಳು. ತುದಿಯಲ್ಲಿ ಚಿಕ್ಕ ಗುರುತಷ್ಟೇ ಇದ್ದು ಕೂಡಲೇ ಅನ್ನನಾಳ ಶುರುವಾದರೆ ಸ್ಟ್ರಾಂಜಿಲಾಯ್ಡಿಸ್. ಮೈಯ ನಡುವೆ ಜನನಾಂಗದ ಮೊಳಕೆ ಎದ್ದು ಕಾಣುವಷ್ಟು ದೊಡ್ಡದಿದ್ದರೂ ಅದು ಸ್ಟ್ರಾಂಜಿಲಾಯ್ಡಿಸ್‌ನದೇ. ಕಲ್ಚರ್‌ನಿಂದ ಬಂದ ಫಿಲಾರಿಫಾರ್ಮ್ ಆದರೆ ಬಾಲ ನೋಡಿ: ತುದಿ ಸೀಳಿದಂತೆ ಕಚ್ಚು ಇದ್ದರೆ ಸ್ಟ್ರಾಂಜಿಲಾಯ್ಡಿಸ್, ಚೂಪಾಗಿದ್ದರೆ ಕೊಕ್ಕೆಹುಳು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಈ ಸ್ಲೈಡ್ ಇಟ್ಟರೆ ಈ ಎರಡು ಮೂರು ಗುರುತು ಹೇಳಿದರೆ ಸಾಕು, ಉದ್ದ ಎಷ್ಟು ಮೈಕ್ರಾನ್ ಎಂದು ನೆನಪಿಸಿಕೊಳ್ಳಲು ಒದ್ದಾಡಬೇಡಿ.

ಚನ್ನಗಿರಿಯ ಅಡಿಕೆ ತೋಟವನ್ನೇ ಕೇಸಿಗೆ ಯಾಕೆ ಆರಿಸಿದೆ ಎಂದು ಕೆಲವರು ಕೇಳುತ್ತಾರೆ. ಮಣ್ಣಿನಲ್ಲಿ ಲಾರ್ವಾ ಬದುಕಲು ನೆರಳು, ತೇವ, ಹಿತವಾದ ಶಾಖ ಮೂರೂ ಬೇಕು. ಅಡಿಕೆ ತೋಟದ ನೆಲದಲ್ಲಿ ಮೂರೂ ಇವೆ. ಚಳ್ಳಕೆರೆ ಕಡೆಯ ಬಿಸಿಲಿಗೆ ಕಾದ ಶೇಂಗಾ ಹೊಲದ ನೆಲದಲ್ಲಿ ಲಾರ್ವಾ ಬೇಗ ಒಣಗಿ ಸಾಯುತ್ತದೆ. ಭದ್ರಾ ನಾಲೆಯ ಗದ್ದೆಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ: ಅಪಾಯವಿರುವುದು ನೀರು ನಿಂತ ಗದ್ದೆಯ ನಡುವಿಗಿಂತ ಒದ್ದೆಯಾದ, ಗಾಳಿಯಾಡುವ ಬದುವಿನಲ್ಲಿ, ಜನ ಬಯಲಿಗೆ ಹೋಗುವ ಮರದಡಿಯಲ್ಲಿ. ಲಾರ್ವಾಗೆ ಆಮ್ಲಜನಕವೂ ಬೇಕು.

ಇನ್ನು ಟೀನಿಯಾ ಸೋಲಿಯಂ. ‘ಮೊಟ್ಟೆಯೋ ಲಾರ್ವಾವೋ’ ಎಂದು ಕೇಳಿದ್ದೀರಿ. ಪ್ರಶ್ನೆಯಲ್ಲಿ ರೋಗದ ಹೆಸರು ಯಾವುದು ಎಂದು ನೋಡದೆ ಇದಕ್ಕೆ ಉತ್ತರ ಬರೆಯಲಾಗದು. ಸರಿಯಾಗಿ ಬೇಯದ ಹಂದಿ ಮಾಂಸದಲ್ಲಿರುವ ಸಿಸ್ಟಿಸರ್ಕಸ್ ಲಾರ್ವಾ ನುಂಗಿದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ಅದು ಟೀನಿಯಾಸಿಸ್. ಆ ಲಾಡಿಹುಳು ಇರುವ ಮನುಷ್ಯನ ಮಲದಲ್ಲಿ ಬರುವ ಮೊಟ್ಟೆಯನ್ನು ಯಾರಾದರೂ ನುಂಗಿದರೆ ಅವರ ಸ್ನಾಯು, ಕಣ್ಣು, ಮೆದುಳಿನಲ್ಲಿ ಗುಳ್ಳೆ ಕಟ್ಟುತ್ತದೆ, ಅದು ಸಿಸ್ಟಿಸರ್ಕೋಸಿಸ್. ಈ ಮೊಟ್ಟೆ ಆಸ್ಕಾರಿಸ್‌ನಂತಲ್ಲ, ಹೊರಬಿದ್ದ ಗಳಿಗೆಯಲ್ಲೇ ಅಂಟುತ್ತದೆ. ಮಾಂಸವನ್ನೇ ಮುಟ್ಟದ ಮನೆಯವರ ಮೆದುಳಿನಲ್ಲಿ ಸಿಸ್ಟಿಸರ್ಕಸ್ ಸಿಗುವುದು ಇದರಿಂದಲೇ. ಲಾಡಿಹುಳು ಇರುವವರ ಕೈಯಿಂದ, ಇಲ್ಲವೇ ಸರಿಯಾಗಿ ತೊಳೆಯದ ಹಸಿ ಸೊಪ್ಪಿನಿಂದ ಮೊಟ್ಟೆ ಬಾಯಿ ಸೇರಿದರೆ ಸಾಕು. ‘ರೋಗಿ ಶುದ್ಧ ಸಸ್ಯಾಹಾರಿ, ಫಿಟ್ಸ್ ಬಂದಿದೆ’ ಎಂಬ ಕೇಸ್ ಓದಿ ‘ಹಂದಿ ತಿನ್ನುವುದಿಲ್ಲವಲ್ಲ’ ಎಂದು ಬೇರೆ ಉತ್ತರಕ್ಕೆ ಹೋಗಬೇಡಿ.

ಔಷಧವೂ ಎರಡಾಗಿ ಒಡೆಯುತ್ತದೆ. ಕರುಳಿನ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್, ಕೆ.ಜಿ.ಗೆ 5ರಿಂದ 10 ಮಿ.ಗ್ರಾಂ, ಒಂದೇ ಸಲ. ಮೆದುಳಿನ ಜೀವಂತ ಗುಳ್ಳೆಗಳಿಗೆ ಆಲ್ಬೆಂಡಜೋಲ್, ಕೆ.ಜಿ.ಗೆ ದಿನಕ್ಕೆ 15 ಮಿ.ಗ್ರಾಂ ಎರಡು ಪಾಲು ಮಾಡಿ, ಸಾಮಾನ್ಯವಾಗಿ 10ರಿಂದ 14 ದಿನ. ಗುಳ್ಳೆಗಳು ಎರಡಕ್ಕಿಂತ ಹೆಚ್ಚಿದ್ದರೆ ಪ್ರಾಜಿಕ್ವಾಂಟೆಲ್ ಕೂಡ ಸೇರಿಸುತ್ತಾರೆ. ಪೂರ್ತಿ ಸುಣ್ಣಗಟ್ಟಿದ ಗುಳ್ಳೆ ಸತ್ತ ಹುಳು, ಅದಕ್ಕೆ ಹುಳುವಿನ ಔಷಧ ಬೇಡ, ಫಿಟ್ಸ್ ಔಷಧ ಸಾಕು. ಆಲ್ಬೆಂಡಜೋಲ್ ಬಗ್ಗೆ ವೈವಾದಲ್ಲಿ ನಾನು ತಪ್ಪದೆ ಕೇಳುವ ಒಂದು ಅಂಶವಿದೆ. ಅದು ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಹೀರಲ್ಪಡುತ್ತದೆ. ಕರುಳಿನ ಹುಳುವಿಗೆ ಅದರಿಂದ ತೊಂದರೆಯಿಲ್ಲ, ಔಷಧ ಕರುಳಿನಲ್ಲೇ ಇದ್ದರೆ ಒಳ್ಳೆಯದು. ಮೆದುಳಿಗೆ ತಲುಪಬೇಕಾದರೆ ಮಾತ್ರ ಜಿಡ್ಡಿನ ಊಟದ ಜೊತೆ ಕೊಡಬೇಕು, ಆಗ ರಕ್ತದಲ್ಲಿ ಅದರ ಮಟ್ಟ ಹಲವು ಪಟ್ಟು ಏರುತ್ತದೆ. ದಾವಣಗೆರೆಯ ರೋಗಿಗೆ ಇದನ್ನು ವಿವರಿಸುವುದು ಕಷ್ಟವಲ್ಲ, ಬೆಣ್ಣೆ ದೋಸೆ ತಿಂದ ಮೇಲೆ ಮಾತ್ರೆ ತಗೊಳ್ಳಿ ಎಂದರೆ ಆಯಿತು.

ಮೆದುಳಿನ ಗುಳ್ಳೆ ಔಷಧಕ್ಕೆ ಸಾಯುವಾಗ ಸುತ್ತ ಊತ ಬರುತ್ತದೆ, ಫಿಟ್ಸ್ ಹೆಚ್ಚಾಗಬಹುದು. ಆದ್ದರಿಂದ ಆಲ್ಬೆಂಡಜೋಲ್ ಜೊತೆಗೇ ಸ್ಟೀರಾಯ್ಡ್ ಕೊಡುತ್ತೇವೆ, ಶುರು ಮಾಡುವ ಮೊದಲು ಕಣ್ಣಿನಲ್ಲಿ ಗುಳ್ಳೆ ಇಲ್ಲವೆಂದು ನೋಡಿಸುತ್ತೇವೆ. ಇದೇ ಕಾರಣಕ್ಕೆ ಕರುಳಿನ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಕೊಡುವ ಮೊದಲೂ ‘ಹಿಂದೆ ಫಿಟ್ಸ್ ಬಂದಿತ್ತೇ, ತೀವ್ರ ತಲೆನೋವು ಇದೆಯೇ’ ಎಂದು ಕೇಳಬೇಕು. ಆ ಮನುಷ್ಯನ ಮೆದುಳಿನಲ್ಲೂ ಗೊತ್ತಿಲ್ಲದೆ ಗುಳ್ಳೆ ಇದ್ದಿರಬಹುದು.

ಈಗ ಈ ಎರಡು ಹುಳುಗಳನ್ನು ಒಂದೇ ರೋಗಿಯಲ್ಲಿ ಸೇರಿಸಿ ನೋಡಿ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುವವರಿಗೆ ನಾನು ಕೊಡುವುದು ಇದನ್ನೇ. ಅದೇ ಚನ್ನಗಿರಿಯ ಕಡೆಯ ಬರಿಗಾಲಿನ ರೈತರು, ಈ ಸಲ ಬಂದಿರುವುದು ಫಿಟ್ಸ್‌ನಿಂದ. ಎಂಆರ್‌ಐನಲ್ಲಿ ಮೆದುಳಿನ ಜೀವಂತ ಸಿಸ್ಟಿಸರ್ಕಸ್. ನೀವು ಆಲ್ಬೆಂಡಜೋಲ್ ಬರೆದಿರಿ, ಜೊತೆಗೆ ಡೆಕ್ಸಾಮೆಥಸೋನ್. ಮೂರು ವಾರಕ್ಕೆ ಅವರು ಉಬ್ಬಸ, ಹೊಟ್ಟೆನೋವು, ಜ್ವರ ಎಂದು ಮರಳಿದರು. ನ್ಯುಮೋನಿಯಾ ಎಂದುಕೊಂಡು ಆಂಟಿಬಯೋಟಿಕ್ ಏರಿಸುತ್ತ ಹೋದರೆ ಕೈ ಮೀರುತ್ತದೆ. ಅವರ ಕರುಳಿನಲ್ಲಿ ಮೊದಲೇ ಇದ್ದ ಸ್ಟ್ರಾಂಜಿಲಾಯ್ಡಿಸ್ ಡೆಕ್ಸಾಮೆಥಸೋನ್‌ನಿಂದ ಕೆರಳಿದೆ. ಆಲ್ಬೆಂಡಜೋಲ್ ಕೊಟ್ಟಿದ್ದೇವಲ್ಲ ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಯಾಕೆಂದು ಮೇಲೆ ನೋಡಿದಿರಿ. ನ್ಯೂರೋಸಿಸ್ಟಿಸರ್ಕೋಸಿಸ್‌ಗೆ ಹೆಚ್ಚು ದಿನ ಸ್ಟೀರಾಯ್ಡ್ ಬೇಕಾದವರಲ್ಲಿ ಮೊದಲೇ ಸ್ಟ್ರಾಂಜಿಲಾಯ್ಡಿಸ್ ಪರೀಕ್ಷೆ ಮಾಡಿ, ಇಲ್ಲವೇ ಮುಂಚಿತವಾಗಿ ಐವರ್ಮೆಕ್ಟಿನ್ ಕೊಡಿ ಎಂದು ಇದರ ಚಿಕಿತ್ಸಾ ಮಾರ್ಗಸೂಚಿಗಳೇ ಹೇಳುತ್ತವೆ.

ನಿಮಗೆ ನನ್ನ ಸಲಹೆ ಇಷ್ಟು. ಟೇಬಲ್ ಹರಿದು ಹಾಕಬೇಡಿ, ಆದರೆ ಅದರ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಎರಡು ಕಾಲಂ ಎಳೆಯಿರಿ: ‘ಹೊರಬಿದ್ದ ಮೇಲೆ ಅಂಟಲು ಎಷ್ಟು ಹೊತ್ತು’, ‘ದೇಹದೊಳಗೇ ಹೊಸ ಪೀಳಿಗೆ ಬರುತ್ತದೆಯೇ’. ಆಸ್ಕಾರಿಸ್‌ಗೆ ಎರಡು ಮೂರು ವಾರ, ಇಲ್ಲ. ಕೊಕ್ಕೆಹುಳುವಿಗೆ ಒಂದು ವಾರದ ಆಸುಪಾಸು, ಇಲ್ಲ. ಸ್ಟ್ರಾಂಜಿಲಾಯ್ಡಿಸ್‌ಗೆ ಹೊರಗೆ ಬರುವುದೇ ಬೇಕಿಲ್ಲ, ಹೌದು. ಉಳಿದವನ್ನು ನೀವೇ ತುಂಬಿ. ಹೈಮೆನೋಲೆಪಿಸ್ ನಾನಾ ಬಂದಾಗ ನಿಧಾನಿಸಿ, ಅದರ ಎರಡನೇ ಕಾಲಂನಲ್ಲೂ ‘ಹೌದು’ ಎಂದೇ ಬರಬೇಕು: ಅದರ ಕೆಲವು ಮೊಟ್ಟೆಗಳು ಕರುಳಿನಲ್ಲೇ ಒಡೆದು, ವಿಲ್ಲಸ್ ಒಳಗೆ ಲಾರ್ವಾ ಆಗಿ, ಮತ್ತೆ ಹುಳುವಾಗುತ್ತವೆ. ಬೇರೆ ಲಾಡಿಹುಳುಗಳಿಗೆ ಕೆ.ಜಿ.ಗೆ 5ರಿಂದ 10 ಮಿ.ಗ್ರಾಂ ಸಾಕಾಗುವ ಪ್ರಾಜಿಕ್ವಾಂಟೆಲ್ ಇದಕ್ಕೆ ಮಾತ್ರ 25 ಮಿ.ಗ್ರಾಂ ಬೇಕು. ವಿಲ್ಲಸ್ ಒಳಗೆ ಅಡಗಿರುವ ಲಾರ್ವಾಗೂ ಅದು ತಲುಪಬೇಕಲ್ಲ.